ದ್ರಾಕ್ಷಿ ಸೀಮೆಯಲ್ಲಿ ಐವತ್ತು ದಾಟಿದ ಅನುಭವಕ್ಕೆ ಬೆಲೆ ಕಟ್ಟುವುದು ಹೇಗೆ

ವಿಜಯಪುರ, ಟಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಸೀಮೆಯಲ್ಲಿ ಐವತ್ತು ದಾಟಿದ ಕೃಷಿ ಪದವೀಧರನಿಗೆ ಎರಡು ಪೇಟೆಗಳಿವೆ. ಒಂದು, ಔಷಧ–ಗೊಬ್ಬರದ ಕಂಪನಿಗಳು, ಮಣೂಕ ಘಟಕಗಳು, ಶೀತಲಗೃಹಗಳು ಮತ್ತು ರೈತ ಉತ್ಪಾದಕ ಕಂಪನಿಗಳ ಕಚೇರಿ. ಇನ್ನೊಂದು, ನೇರವಾಗಿ ರೈತನ ಪಡ. ಮೊದಲನೆಯದರಲ್ಲಿ ತಲೆ ನೆರೆತದ್ದು ಅನುಮಾನಕ್ಕೆ ಕಾರಣ, ಎರಡನೆಯದರಲ್ಲಿ ಅದೇ ಭರವಸೆಗೆ ಕಾರಣ. ಕಂಪನಿಯ ಕ್ಷೇತ್ರಾಧಿಕಾರಿಯಾಗಿ 25–30 ವರ್ಷ ದುಡಿದವನು ಕೆಲಸ ಕಳೆದುಕೊಂಡಾಗ ಅಥವಾ ತಾನೇ ಬಿಟ್ಟಾಗ, ಸಾಮಾನ್ಯವಾಗಿ ಮೊದಲ ಪೇಟೆಯ ಬಾಗಿಲನ್ನೇ ಬಡಿಯುತ್ತಾನೆ. ಅಲ್ಲಿ ಅವನ ವಯಸ್ಸು ಅನುಭವಕ್ಕಿಂತ ಮುಂಚೆ ಕಣ್ಣಿಗೆ ಬೀಳುತ್ತದೆ. ಆ ಕ್ರಮವನ್ನು ತಿರುಗಿಸಿ ಅನುಭವ ಮೊದಲು ಕಾಣುವಂತೆ ಮಾಡುವುದು ಸಾಧ್ಯ. ಅದಕ್ಕೆ ಕೆಲವು ನಿರ್ದಿಷ್ಟ ಕೆಲಸಗಳನ್ನು ಮಾಡಬೇಕಾಗುತ್ತದೆ.

ಕಾನೂನಿನ ಆಸರೆ ಇಲ್ಲಿ ಹೆಚ್ಚಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸಸ್ಥಳಗಳ ಆಧಾರದ ತಾರತಮ್ಯವನ್ನು ತಡೆಯುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ಖಾಸಗಿ ನೇಮಕಾತಿಯಲ್ಲಿ ವಯಸ್ಸಿನ ತಾರತಮ್ಯವನ್ನು ನಿಷೇಧಿಸುವ ಸಾಮಾನ್ಯ ಕಾಯ್ದೆಯೂ ಭಾರತದಲ್ಲಿಲ್ಲ. ಅಮೆರಿಕದಲ್ಲಿ 40 ದಾಟಿದವರ ರಕ್ಷಣೆಗೆಂದೇ 1967ರಲ್ಲಿ ಕಾಯ್ದೆ ಬಂತು. ಅಲ್ಲಿಯೂ ಪಕ್ಷಪಾತ ಅಳಿದಿಲ್ಲ ಎಂಬುದನ್ನು ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ 40,000ಕ್ಕೂ ಹೆಚ್ಚು ಅರ್ಜಿಗಳನ್ನು ಕಳಿಸಿ ನೋಡಿದಾಗ ವಯಸ್ಸಾದವರಿಗೆ ಕರೆ ಬಂದದ್ದು ಕಡಿಮೆ, ಅದರಲ್ಲೂ ವಯಸ್ಸಾದ ಹೆಂಗಸರಿಗೆ ಇನ್ನೂ ಕಡಿಮೆ. ಕಾಯ್ದೆ ಇದ್ದ ಕಡೆಯೇ ಹೀಗಿರುವಾಗ, ಇಲ್ಲದ ಕಡೆ ಅಭ್ಯರ್ಥಿ ತನ್ನ ಕೈಲಿರುವುದನ್ನೇ ನೆಚ್ಚಬೇಕು.

ಕೈಲಿರುವುದು ಏನು ಎಂಬುದಕ್ಕೆ ಇನ್ನೊಂದು ಸಂಶೋಧನೆ ದಾರಿ ತೋರಿಸುತ್ತದೆ. ಥಾಮಸ್ ಎಂಗ್ ಮತ್ತು ಡೇನಿಯಲ್ ಫೆಲ್ಡ್‌ಮನ್ 2012ರಲ್ಲಿ 418 ಅಧ್ಯಯನಗಳನ್ನು ಒಟ್ಟುಗೂಡಿಸಿ, ಹಿರಿಯ ನೌಕರರ ಬಗ್ಗೆ ಜನ ನಂಬಿಕೊಂಡಿರುವ ಆರು ಮಾತುಗಳನ್ನು ಪರೀಕ್ಷಿಸಿದರು. ಹುಮ್ಮಸ್ಸು ಕಡಿಮೆ, ಬದಲಾವಣೆಗೆ ಒಗ್ಗುವುದಿಲ್ಲ, ಬೇರೆಯವರನ್ನು ನಂಬುವುದಿಲ್ಲ, ಆರೋಗ್ಯ ನೆಟ್ಟಗಿರುವುದಿಲ್ಲ, ಮನೆಯ ಚಿಂತೆ ಕೆಲಸಕ್ಕೆ ಅಡ್ಡ ಬರುತ್ತದೆ, ಹೊಸ ತರಬೇತಿಗೆ ಮುಂದೆ ಬರುವುದಿಲ್ಲ ಎಂಬವೇ ಆ ಆರು. ಅಂಕಿಅಂಶಗಳು ಬೆಂಬಲಿಸಿದ್ದು ಕೊನೆಯದನ್ನು ಮಾತ್ರ. ಐವತ್ತು ದಾಟಿದವರ ಬಗೆಗಿನ ದೂರುಗಳಲ್ಲಿ ತುಸುವಾದರೂ ನಿಜ ಇರುವುದು ಕಲಿಕೆಯ ವಿಷಯದಲ್ಲಿ, ಮತ್ತು ಅದನ್ನು ಅಭ್ಯರ್ಥಿಯೇ ಸರಿಪಡಿಸಿಕೊಳ್ಳಬಹುದು.

ವರ್ಷದ ಲೆಕ್ಕ, ಹಂಗಾಮಿನ ಲೆಕ್ಕ

ಒಂದು ಮಾದರಿಯನ್ನು ಎದುರಿಗಿಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 53 ವರ್ಷದ ಒಬ್ಬ ಕೃಷಿ ಪದವೀಧರ. ಒಂದು ಔಷಧ ಕಂಪನಿಯಲ್ಲಿ 28 ವರ್ಷ. ಕೊನೆಯ 14 ವರ್ಷ ಟಿಕೋಟಾ, ಬಬಲೇಶ್ವರ ಭಾಗದ ಜವಾಬ್ದಾರಿ. ಕಂಪನಿ ವಲಯಗಳನ್ನು ಮರುಹಂಚಿಕೆ ಮಾಡಿ, ಅರ್ಧ ಸಂಬಳಕ್ಕೆ ಬಂದ ಇಬ್ಬರು ತರುಣರಿಗೆ ಆ ಭಾಗ ಕೊಟ್ಟಿತು. ಇಂಥವರ ಬಯೋಡೇಟಾ ಬಹುತೇಕ ಹೀಗೆ ಶುರುವಾಗುತ್ತದೆ: “28 ವರ್ಷಗಳ ಸುದೀರ್ಘ ಅನುಭವ, ಪ್ರಾಮಾಣಿಕ, ಪರಿಶ್ರಮಿ, ವಹಿಸಿದ ಯಾವುದೇ ಕೆಲಸವನ್ನು ನಿಭಾಯಿಸಬಲ್ಲವರು.” ಓದುವ ಮಾಲೀಕನಿಗೆ ಇದರಿಂದ ತಿಳಿಯುವುದು ಒಂದೇ: ವಯಸ್ಸು. ಪ್ರಾಮಾಣಿಕತೆ, ಪರಿಶ್ರಮ ಎಲ್ಲರೂ ಹೇಳಿಕೊಳ್ಳುವ ಗುಣಗಳು. 28 ಎಂಬ ಅಂಕಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಅದೂ ಸಂಬಳ ಹೆಚ್ಚು ಕೇಳಿಯಾನು ಎಂಬ ಅಳುಕಿನೊಂದಿಗೆ.

ದ್ರಾಕ್ಷಿ ಬೆಳೆಯಲ್ಲಿ ಅನುಭವದ ನಿಜವಾದ ಬೆಲೆ ಕೆಟ್ಟ ಹಂಗಾಮುಗಳಲ್ಲಿದೆ. ಎಲ್ಲವೂ ಸರಿಯಿದ್ದ ವರ್ಷ ಹೊಸಬನೂ ಬೆಳೆ ತೆಗೆಸಬಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಎಲ್ಲರಿಗೂ ನೆರೆಯಾಗಿ ನೆನಪಿದೆ. ಆಗತಾನೇ ಚಾಟ್ನಿ ಮಾಡಿ ಚಿಗುರು ಬಿಟ್ಟಿದ್ದ ಪಡಗಳಿಗೆ ಅಂಥ ಮಳೆ ಎಂದರೆ ಡೌನಿ ರೋಗ. 2014ರ ಫೆಬ್ರುವರಿ–ಮಾರ್ಚ್‌ನಲ್ಲಿ ಆಲಿಕಲ್ಲು ಬಿದ್ದದ್ದು ಕಟಾವಿನ ಹೊತ್ತಿಗೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ತಾಜಾ ಹಣ್ಣಿಗೆ ಲಾರಿ ಸಿಗದೆ, ಮಾರಾಟಕ್ಕೆಂದು ಬೆಳೆಸಿದ್ದನ್ನೂ ಮಣೂಕ ಮಾಡಬೇಕಾಯಿತು. ಈ ಮೂರೂ ಸಂದರ್ಭಗಳಲ್ಲಿ ಹೊಲದಲ್ಲಿದ್ದವನು ಏನು ನಿರ್ಧರಿಸಿದ, ಅದರ ಪರಿಣಾಮ ಏನಾಯಿತು ಎಂಬುದನ್ನು ಬರೆದರೆ, 28 ವರ್ಷ ಎಂಬ ಮಾತನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಮಾದರಿಯ ಆ ಅಧಿಕಾರಿಯ ಬಯೋಡೇಟಾವನ್ನು ಹೀಗೆ ತಿದ್ದಬಹುದು. “2014ರ ಆಲಿಕಲ್ಲಿನ ನಂತರ ಒಡೆದ ಕಾಳಿನ ಗೊನೆಗಳನ್ನು ಮೂರು ದಿನದೊಳಗೆ ಬೇರ್ಪಡಿಸಿ, ಉಳಿದದ್ದನ್ನು ರ‍್ಯಾಕಿಗೆ ಹಾಕಿಸಿ, 11 ತೋಟಗಳಲ್ಲಿ ಕೊಳೆ ಹರಡದಂತೆ ತಡೆದದ್ದು.” “2020ರ ಮಾರ್ಚ್–ಏಪ್ರಿಲ್‌ನಲ್ಲಿ ತಾಜಾ ಮಾರಾಟಕ್ಕೆ ಬೆಳೆದ 26 ಎಕರೆಯ ಹಣ್ಣನ್ನು ಮಣೂಕಕ್ಕೆ ತಿರುಗಿಸಿದ್ದು. ಸಕ್ಕರೆ ಅಂಶ ಸಾಲದ ಪ್ಲಾಟುಗಳನ್ನು ತಡೆಹಿಡಿದು ನಂತರ ಕಟಾವು ಮಾಡಿಸಿದ್ದು.” ಇಲ್ಲಿನ ತೋಟ, ಎಕರೆಗಳ ಅಂಕಿಗಳು ಮಾದರಿಗಷ್ಟೇ, ಪ್ರತಿಯೊಬ್ಬರೂ ತಮ್ಮ ನಿಜವಾದ ಅಂಕಿ ಹಾಕಬೇಕು. ಆದರೆ ವಾಕ್ಯದ ಕಟ್ಟು ಗಮನಿಸಬೇಕಾದದ್ದು. ಎದುರಾದ ಕಷ್ಟ, ಮಾಡಿದ ನಿರ್ಧಾರ, ಅಳೆಯಬಹುದಾದ ಫಲ, ಈ ಮೂರೂ ಒಂದೇ ವಾಕ್ಯದಲ್ಲಿವೆ. ಮಣೂಕ ಘಟಕದ ಮಾಲೀಕ ಇದನ್ನು ಓದಿದಾಗ ಅವನ ಮನಸ್ಸಿಗೆ ಬರುವುದು ಮುಂದಿನ ಆಲಿಕಲ್ಲು. ಅರ್ಜಿದಾರನ ಹುಟ್ಟಿದ ವರ್ಷ ಆಗ ಹಿಂದೆ ಸರಿಯುತ್ತದೆ.

ಇಷ್ಟು ಬರೆಯಲು ಸಾಕ್ಷ್ಯ ಬೇಕು, ಮತ್ತು ಅನೇಕರು ಸೋಲುವುದು ಇಲ್ಲಿಯೇ. ಕ್ಷೇತ್ರಾಧಿಕಾರಿಗಳು ಮಾರಾಟದ ಲೆಕ್ಕ ಇಡುತ್ತಾರೆ, ತೋಟದ ಲೆಕ್ಕ ಇಡುವುದಿಲ್ಲ. ಆದರೂ ಹುಡುಕಿದರೆ ಬಹಳಷ್ಟು ಸಿಗುತ್ತದೆ. ಹಳೆಯ ಜೇಬು ಡೈರಿಗಳು, ದಿನಾಂಕ ಸಮೇತ ಮೊಬೈಲಿನಲ್ಲಿ ಉಳಿದ ಎಲೆ ಮತ್ತು ಗೊನೆಯ ಫೋಟೊಗಳು, ರೈತ ಇಟ್ಟುಕೊಂಡ ಸಿಂಪರಣೆಯ ಪಟ್ಟಿ, ವೇಬ್ರಿಜ್ ಚೀಟಿ, ಶೀತಲಗೃಹದ ರಸೀದಿ, ಪ್ರಯೋಗಾಲಯದ ಶೇಷಾಂಶ ವರದಿ ಇವೆಲ್ಲ ಸೇರಿದರೆ ಒಂದು ಹಂಗಾಮಿನ ಕಥೆ ಮರಳಿ ಕಟ್ಟಬಹುದು. ರೈತನ ಕಾಗದಗಳನ್ನು ಅವನ ಒಪ್ಪಿಗೆಯಿಂದಲೇ ಬಳಸಬೇಕು. ಹಳೆಯ ಕಂಪನಿಯ ಮಾರಾಟದ ಅಂಕಿಅಂಶ, ಡೀಲರುಗಳ ಪಟ್ಟಿ, ರಿಯಾಯಿತಿ ದರ ಇವನ್ನು ಹೊತ್ತು ತರುವುದು ತಪ್ಪು. ಹೊಸ ಮಾಲೀಕನಿಗೆ ಅದು ಉಪಯೋಗವಾದರೂ, ನಾಳೆ ತನ್ನ ಗುಟ್ಟೂ ಹೀಗೇ ಹೊರಗೆ ಹೋದೀತು ಎಂದು ಅವನು ಅರಿಯುತ್ತಾನೆ. ನಾಲ್ಕೈದು ತೋಟಗಳ ಪೂರ್ಣ ದಾಖಲೆ ನಲವತ್ತು ತೋಟಗಳ ಬಾಯಿಮಾತಿಗಿಂತ ಹೆಚ್ಚು ತೂಗುತ್ತದೆ.

ಬಯೋಡೇಟಾದ ಉಳಿದ ಭಾಗಕ್ಕೆ ಹೆಚ್ಚು ಮಾತು ಬೇಕಿಲ್ಲ. ಎರಡು ಪುಟ ಸಾಕು. ಕೊನೆಯ 12–15 ವರ್ಷ ವಿವರವಾಗಿ, ಅದರ ಹಿಂದಿನದು ಒಂದೆರಡು ಸಾಲಿನಲ್ಲಿ. ಖಾಸಗಿ ಕೆಲಸದ ಅರ್ಜಿಯಲ್ಲಿ ಹುಟ್ಟಿದ ದಿನಾಂಕ, ತಂದೆಯ ಹೆಸರು, ವೈವಾಹಿಕ ಸ್ಥಿತಿ, ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ ಬರೆಯಲೇಬೇಕೆಂಬ ನಿಯಮವಿಲ್ಲ. ರೂಢಿಯಿಂದ ಬರೆಯುತ್ತಾರೆ, ಅಷ್ಟೇ. ಪದವಿಯ ಹೆಸರು, ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಕು. ಆದರೆ ಕೃಷಿ ವಿಜ್ಞಾನ ಕೇಂದ್ರ, ವಿಶ್ವವಿದ್ಯಾಲಯ, ಬ್ಯಾಂಕುಗಳಂಥ ಕಡೆ ನಿಗದಿತ ಫಾರ್ಮಿನಲ್ಲಿ ಕೇಳಿದ್ದನ್ನೆಲ್ಲ ತುಂಬಬೇಕು. ವಯಸ್ಸನ್ನು ಬರೆಯದಿರುವುದು ಬೇರೆ, ಸುಳ್ಳು ಬರೆಯುವುದು ಬೇರೆ. ಭವಿಷ್ಯ ನಿಧಿಯ ಖಾತೆಯಲ್ಲಿ, ಆಧಾರ್‌ನಲ್ಲಿ ಹುಟ್ಟಿದ ದಿನ ಇದ್ದೇ ಇರುತ್ತದೆ. ಸಿಕ್ಕಿಬಿದ್ದರೆ ಕೆಲಸದ ಜೊತೆ ಹೆಸರೂ ಹೋಗುತ್ತದೆ, ಅದೂ ಎಲ್ಲರೂ ಎಲ್ಲರಿಗೂ ಪರಿಚಯವಿರುವ ಈ ಸೀಮೆಯಲ್ಲಿ.

ಹಳೆಯ ಜ್ಞಾನ ಯಾವಾಗ ಭಾರವಾಗುತ್ತದೆ

ಅನುಭವ ಹಳಸಿದೆ ಎಂಬುದನ್ನು ತಿಳಿದ ಮಾಲೀಕ ಎರಡು ನಿಮಿಷದಲ್ಲಿ ಪತ್ತೆ ಹಚ್ಚುತ್ತಾನೆ. ಹಿಟ್ಟು ತಿಗಣೆಗೆ ಏನು ಹೊಡೆಸುತ್ತೀರಿ ಎಂದು ಕೇಳಿದಾಗ ಅಭ್ಯರ್ಥಿಯ ಬಾಯಿಂದ ಡೈಕ್ಲೋರ್ವಾಸ್ ಎಂದು ಬಂದರೆ ಸಂದರ್ಶನ ಅಲ್ಲಿಗೆ ಮುಗಿದಂತೆ. ಕೇಂದ್ರ ಸರ್ಕಾರದ 2018ರ ಆದೇಶದ ಪ್ರಕಾರ ಡೈಕ್ಲೋರ್ವಾಸ್, ಫೋರೇಟ್, ಟ್ರೈಯಾಜೋಫಾಸ್ ಸೇರಿ ಆರು ಕೀಟನಾಶಕ–ಕಳೆನಾಶಕಗಳ ಬಳಕೆ 2020ರ ಡಿಸೆಂಬರ್ 31ರಿಂದ ನಿಂತಿದೆ. ಒಂದು ಕಾಲಕ್ಕೆ ಇವೇ ದಿನನಿತ್ಯದ ಔಷಧಗಳಾಗಿದ್ದವು. ಅವುಗಳ ಹೆಸರು ಇನ್ನೂ ನಾಲಿಗೆಯ ತುದಿಯಲ್ಲಿದ್ದರೆ, ಆ ಅಭ್ಯರ್ಥಿಯ ವಯಸ್ಸನ್ನು ಬಯೋಡೇಟಾ ನೋಡದೆಯೂ ಲೆಕ್ಕ ಹಾಕಬಹುದು.

ಅದೇ ಹಳೆಯ ನೆನಪು ಇನ್ನೊಂದು ರೀತಿಯಲ್ಲಿ ಹೇಳಿದರೆ ಬಲವಾಗುತ್ತದೆ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಶೇಷ ಸಿಕ್ಕು ದೊಡ್ಡ ಬಿಕ್ಕಟ್ಟಾಯಿತು. ಚಿಗುರಿನ ಓಟ ತಗ್ಗಿಸಲು ಬೆಳೆಗಾರರು ವರ್ಷಗಳಿಂದ ಬಳಸುತ್ತಿದ್ದ ಬೆಳವಣಿಗೆ ನಿಯಂತ್ರಕ ಅದು. ಅದು ಕೀಟನಾಶಕವಲ್ಲ, ಅದರ ಶೇಷದ ಬಗ್ಗೆ ಹೆಚ್ಚಿನವರು ತಲೆಕೆಡಿಸಿಕೊಂಡಿರಲಿಲ್ಲ. ಆ ವರ್ಷ ಹೊಲದಲ್ಲಿದ್ದವನಿಗೆ ಒಂದು ಪಾಠ ಖಚಿತವಾಗಿ ಗೊತ್ತು: ಸಿಂಪರಣೆಯ ಪಟ್ಟಿಯಲ್ಲಿ ಕೀಟನಾಶಕಗಳಷ್ಟೇ ಅಲ್ಲ, ಬಳ್ಳಿಗೆ ಕೊಟ್ಟದ್ದೆಲ್ಲವೂ ದಾಖಲಾಗಬೇಕು. ಇಪ್ಪತ್ತೈದರ ತರುಣನಿಗೆ ಇದು ನಿಯಮವಾಗಿ ಗೊತ್ತಿರಬಹುದು, ಆದರೆ ನಿಯಮ ಯಾಕೆ ಬಂತೆಂದು ಗೊತ್ತಿರುವುದಿಲ್ಲ. ನಿಯಮ ಮುರಿಯುವ ಮನಸ್ಸಾದ ರೈತನಿಗೆ ಕಾರಣ ಹೇಳಬಲ್ಲವನೇ ಬೇಕು. ಹಳೆಯ ಘಟನೆ ಹೇಳಿ ಇಂದಿನ ನಿಯಮಕ್ಕೆ ಕೊಂಡಿ ಹಾಕಿದರೆ ಅದು ಅನುಭವ ಎನಿಸಿಕೊಳ್ಳುತ್ತದೆ. ಘಟನೆಯಲ್ಲೇ ನಿಂತರೆ ಬರೀ ನೆನಪು.

ಇಲ್ಲಿಯೇ ಹೊಸ ತರಬೇತಿಯ ಪ್ರಶ್ನೆ ಬರುತ್ತದೆ. ಯಾವುದನ್ನು ಕಲಿಯಬೇಕು ಎಂಬುದನ್ನು ಬೆಳೆಯೇ ಹೇಳುತ್ತದೆ. ಡ್ರೋನ್ ಹಾರಿಸುವ ಪ್ರಮಾಣಪತ್ರ ಈಗ ಎಲ್ಲರ ಕಣ್ಣಿಗೆ ಬಿದ್ದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 18ರಿಂದ 65 ವರ್ಷದವರೆಗಿನ ಹತ್ತನೇ ತರಗತಿ ಪಾಸಾದವರು ಅದನ್ನು ಪಡೆಯಬಹುದು, ಹಾಗಾಗಿ 53ಕ್ಕೆ ಅಡ್ಡಿಯೇನಿಲ್ಲ. ಆದರೆ ದ್ರಾಕ್ಷಿ ಪಡಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಡೌನಿ ಬೆಳೆಯುವುದು ಎಲೆಯ ಅಡಿಯಲ್ಲಿ, ಗೊನೆ ಜೋತು ಬೀಳುವುದು ಚಪ್ಪರದ ಕೆಳಗೆ. ಮೇಲಿನಿಂದ ಬಿದ್ದ ಹನಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ತೊಗರಿ, ಕಬ್ಬಿನ ಕಡೆ ಹೋಗುವವರಿಗೆ ಡ್ರೋನ್ ಸರಿ. ದ್ರಾಕ್ಷಿಯಲ್ಲೇ ಉಳಿಯುವವರಿಗೆ ಶೇಷಾಂಶದ ಮಿತಿ ಮತ್ತು ಕಟಾವಿಗೆ ಮುಂಚಿನ ಕಾಯುವ ಅವಧಿ, ಆಹಾರ ಸುರಕ್ಷತೆ, ತೋಟದ ಹವಾಮಾನ ಯಂತ್ರದ ಅಂಕಿ ಓದುವುದು ಇವುಗಳಲ್ಲಿ ಪಡೆದ ತರಬೇತಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಬಳಸಬಹುದಾದ ಔಷಧಗಳ ಪಟ್ಟಿಯನ್ನು ಕಾಯುವ ಅವಧಿಯ ಸಮೇತ ಹಂಗಾಮಿಗೆ ಹಂಗಾಮಿಗೆ ಪರಿಷ್ಕರಿಸುತ್ತದೆ. ಈ ವರ್ಷದ ಪಟ್ಟಿ ಅಭ್ಯರ್ಥಿಯ ಮೊಬೈಲಿನಲ್ಲಿ ಇದೆಯೇ ಎಂಬುದು ಸಣ್ಣ ಸಂಗತಿ, ಆದರೆ ಸಂದರ್ಶನದಲ್ಲಿ ತೆರೆದು ತೋರಿಸಿದರೆ ಅದಕ್ಕಿಂತ ಗಟ್ಟಿ ಉತ್ತರ ಬೇರೆ ಇಲ್ಲ.

ಬಯೋಡೇಟಾದಲ್ಲಿ ತರಬೇತಿಯ ಸಾಲು ಮೊದಲ ಪುಟದ ಮೇಲರ್ಧದಲ್ಲಿ ಇರಬೇಕು, ಮತ್ತು ಅದರ ಪಕ್ಕದ ವರ್ಷ ಕಳೆದ ಎರಡು ವರ್ಷದೊಳಗಿನದಾಗಿರಬೇಕು. 1998ರ ತರಬೇತಿಯ ಪ್ರಮಾಣಪತ್ರ ಎಷ್ಟು ದೊಡ್ಡ ಸಂಸ್ಥೆಯದಾದರೂ ಅದು ಅನುಮಾನವನ್ನು ಬಲಪಡಿಸುತ್ತದೆ.

ಸಂದರ್ಶನದಲ್ಲಿ ಕೇಳದ ಪ್ರಶ್ನೆಗಳು

ಸಂದರ್ಶನಕ್ಕೆ ಕರೆದ ಮಾಲೀಕನ ಮನಸ್ಸಿನಲ್ಲಿ ಮೂರು ಅಳುಕುಗಳಿರುತ್ತವೆ. ಬಿಸಿಲಲ್ಲಿ ಹೊಲ ಸುತ್ತುತ್ತಾನೆಯೇ? ತನಗಿಂತ ಇಪ್ಪತ್ತು ವರ್ಷ ಚಿಕ್ಕವನಾದ ಮ್ಯಾನೇಜರ್ ಹೇಳಿದ್ದನ್ನು ಕೇಳುತ್ತಾನೆಯೇ? ಮೊಬೈಲಿನಲ್ಲಿ ವರದಿ ತುಂಬುತ್ತಾನೆಯೇ? ವಿಜಯಪುರದ ಸೌಜನ್ಯದಲ್ಲಿ ಇವನ್ನು ನೇರವಾಗಿ ಕೇಳುವುದಿಲ್ಲ. “ಸರ್, ನಿಮಗ ಈಗ ಇಷ್ಟೆಲ್ಲಾ ತ್ರಾಸು ಯಾಕ್ರಿ, ಆರಾಮ ಇರಬಾರದ?” ಎಂಬ ಕಾಳಜಿಯ ಮಾತಾಗಿ ಅವು ಬರುತ್ತವೆ. ಇದಕ್ಕೆ “ನನಗೇನೂ ಆಗಿಲ್ರಿ, ಹುಡುಗರಿಗಿಂತ ಗಟ್ಟಿ ಅದೀನಿ” ಎಂದು ಉತ್ತರಿಸುವುದು ಸಹಜ, ಆದರೆ ನಿಷ್ಫಲ. ಆ ಮಾತಿನಿಂದ ಚರ್ಚೆ ವಯಸ್ಸಿನ ಮೇಲೇ ನಿಲ್ಲುತ್ತದೆ.

ಕೆಲಸದ ಲೆಕ್ಕವನ್ನು ಮುಂದಿಡುವುದು ಸರಿಯಾದ ದಾರಿ. ಅಕ್ಟೋಬರ್ ಚಾಟ್ನಿಯ ನಂತರದ ಮೊದಲ 50–60 ದಿನ, ಅಂದರೆ ಚಿಗುರು ಒಡೆದು ಹೂವಾಗಿ ಕಾಳು ಕಟ್ಟುವವರೆಗೆ, ಪ್ರತಿ ತೋಟವನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ದಿನಕ್ಕೆ 6–7 ತೋಟ, ವಾರಕ್ಕೆ ಆರು ದಿನ ಎಂದರೆ ಒಬ್ಬನ ಕೈಗೆ 40ರ ಆಸುಪಾಸು ತೋಟ. “ಕಳೆದ ಹಂಗಾಮಿನಲ್ಲಿ ಇಷ್ಟು ತೋಟ ನೋಡಿದ್ದೇನೆ, ಬೆಳಗಿನ ಆರರಿಂದ ಹನ್ನೊಂದರವರೆಗೆ ಹೊಲ, ಮಧ್ಯಾಹ್ನ ವರದಿ” ಎಂದು ಹೇಳಿದರೆ ಆರೋಗ್ಯದ ಪ್ರಶ್ನೆಗೆ ಕೇಳದೆಯೇ ಉತ್ತರ ಸಿಕ್ಕಂತೆ. ಬೆಳಗಿನ ಹೊತ್ತಿಗೆ ಬೇರೆ ಕಾರಣವೂ ಇದೆ. ಇಬ್ಬನಿ ಆರುವ ಮುನ್ನ ಎಲೆಯನ್ನು ತಿರುವಿ ನೋಡಿದರೆ ಮೇಲ್ಭಾಗದ ಎಣ್ಣೆ ಬಿದ್ದಂಥ ಹಳದಿ ಚುಕ್ಕೆಯ ಅಡಿಯಲ್ಲಿ ಬಿಳಿ ಬೂಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಲೇರಿದ ಮೇಲೆ ಅದೇ ಚುಕ್ಕೆ ಪೋಷಕಾಂಶದ ಕೊರತೆಯೋ ಔಷಧದ ಸುಟ್ಟ ಗುರುತೋ ಎಂದು ಗೊಂದಲ ಹುಟ್ಟಿಸುತ್ತದೆ. ಇಂಥ ಒಂದು ವಿವರ ಸಂದರ್ಶನದಲ್ಲಿ ಬಂದರೆ, ಎದುರಿಗಿರುವವನು ಹೊಲ ಬಲ್ಲವನಾಗಿದ್ದರೆ, ಮಾತಿನ ದಿಕ್ಕೇ ಬದಲಾಗುತ್ತದೆ.

ಚಿಕ್ಕವರ ಕೈಕೆಳಗೆ ಕೆಲಸ ಮಾಡುವ ಪ್ರಶ್ನೆಗೆ ಭರವಸೆಯ ಮಾತು ಸಾಲದು, ನಡೆದ ಸಂಗತಿ ಬೇಕು. ತೋಟದ ಹವಾಮಾನ ಯಂತ್ರ ಎಲೆ ಎಷ್ಟು ಗಂಟೆ ಒದ್ದೆಯಾಗಿತ್ತು ಎಂದು ತೋರಿಸುತ್ತದೆ. ಅದನ್ನು ಓದುವುದನ್ನು ಕಿರಿಯ ಸಹೋದ್ಯೋಗಿಯಿಂದ ಕಲಿತು, ಆ ಅಂಕಿಯ ಆಧಾರದಲ್ಲಿ ಒಂದು ಸಿಂಪರಣೆ ಬಿಡಿಸಿದ್ದರೆ, ಅದನ್ನೇ ಹೇಳಬೇಕು. ಇದರಲ್ಲಿ ಕಲಿಯುವ ಮನಸ್ಸು, ಹಣದ ಉಳಿತಾಯ, ಕಿರಿಯನ ಬಗೆಗಿನ ಗೌರವ ಮೂರೂ ಸೇರಿರುತ್ತವೆ. ಎಲ್ಲಕ್ಕಿಂತ ಹೆಚ್ಚು ಕೆಡಿಸುವ ಮಾತು “ನಮ್ಮ ಕಾಲದಾಗ” ಎಂದು ಶುರುವಾಗುವಂಥದು. ಅದನ್ನು ಆಡುವವನಿಗೆ ಹಿತವೆನಿಸುತ್ತದೆ, ಕೇಳುವವನಿಗೆ ತನ್ನ ಕಾಲವನ್ನು ಹೀಗಳೆದಂತೆ ಕೇಳಿಸುತ್ತದೆ.

ಸಂಬಳದ ಅಳುಕನ್ನು ಅಭ್ಯರ್ಥಿಯೇ ಮೊದಲು ಮುಟ್ಟುವುದು ಒಳ್ಳೆಯದು. ವರ್ಷವಿಡೀ ಪೂರ್ಣ ಸಂಬಳ ಕೊಡಲಾಗದ ಮಣೂಕ ಘಟಕಕ್ಕೆ ಹಂಗಾಮಿನ ಒಪ್ಪಂದ ಕೊಡಬಹುದು: ಡಿಸೆಂಬರ್‌ನಿಂದ ಮೇವರೆಗೆ ಖರೀದಿ ಮತ್ತು ಗುಣಮಟ್ಟದ ಹೊಣೆ, ಉಳಿದ ತಿಂಗಳು ಬೇರೆ ಕೆಲಸಕ್ಕೆ ಸ್ವಾತಂತ್ರ್ಯ. ಇಂಥ ಘಟಕದಲ್ಲಿ ಹಿರಿಯನ ಉಪಯೋಗ ಎಲ್ಲಿದೆ ಎಂಬುದು ಕೆಲಸದ ಸ್ವರೂಪದಿಂದಲೇ ಗೊತ್ತಾಗುತ್ತದೆ. ನಾಲ್ಕು ಕಿಲೊ ಹಣ್ಣಿಗೆ ಸುಮಾರು ಒಂದು ಕಿಲೊ ಮಣೂಕ. ಸಕ್ಕರೆ ಅಂಶ 22 ಬ್ರಿಕ್ಸ್‌ಗಿಂತ ಕಡಿಮೆಯಿದ್ದಾಗ ಕಟಾವು ಮಾಡಿದರೆ ತೂಕವೂ ಬರುವುದಿಲ್ಲ, ಬಣ್ಣವೂ ಬರುವುದಿಲ್ಲ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಎರಡರಿಂದ ನಾಲ್ಕು ನಿಮಿಷ ಅದ್ದಿ, ನೆರಳಿನ ರ‍್ಯಾಕಿನಲ್ಲಿ ಹನ್ನೆರಡು ಹದಿನೈದು ದಿನ ಒಣಗಿಸುತ್ತಾರೆ. ನಡುವೆ ಮೋಡ ಕವಿದು ಗಾಳಿ ನಿಂತರೆ ಕಾಳು ಕಪ್ಪಾಗತೊಡಗುತ್ತದೆ. ತೇವ 15%ರ ಆಸುಪಾಸಿಗೆ ಇಳಿಯುವ ಮುಂಚೆ ಚೀಲಕ್ಕೆ ತುಂಬಿದರೆ ಶೀತಲಗೃಹದಲ್ಲಿ ಗಂಟು ಕಟ್ಟುತ್ತದೆ. ಮುಷ್ಟಿಯಲ್ಲಿ ಅದುಮಿ ಬಿಟ್ಟಾಗ ಕಾಳು ಬಿಡಿಬಿಡಿಯಾಗುತ್ತದೋ ಅಂಟಿಕೊಂಡೇ ಉಳಿಯುತ್ತದೋ ಎಂದು ನೋಡಿ ಹೇಳಬಲ್ಲವನು, ಆಮೇಲೆ ತೇವಮಾಪಕದಲ್ಲಿ ಖಚಿತಪಡಿಸಿಕೊಳ್ಳುವ ಶಿಸ್ತೂ ಇರುವವನು, ಒಂದು ಲಾಟ್ ತಿರಸ್ಕಾರವಾಗುವುದನ್ನು ತಪ್ಪಿಸಿದರೆ ಅವನ ಹಂಗಾಮಿನ ಸಂಬಳ ಹೊರಟಂತೆ. ಈ ಲೆಕ್ಕವನ್ನು ಆ ಘಟಕದ ಅಂಕಿಗಳಲ್ಲೇ ಮಾಡಿ ತೋರಿಸಬೇಕು.

ಪಿಂಚಣಿಯ ಒಂದು ಸಂಗತಿ ಇಲ್ಲಿ ಸೇರುತ್ತದೆ. ನೌಕರರ ಪಿಂಚಣಿ ಯೋಜನೆ 1995ರಲ್ಲಿ ಹತ್ತು ವರ್ಷ ಸೇವೆ ಮುಗಿಸಿದವರಿಗೆ 58ಕ್ಕೆ ಪಿಂಚಣಿ ಬರುತ್ತದೆ. 50 ದಾಟಿದವರು ಮೊದಲೇ ಕೇಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೆ 4%ರಂತೆ ಕಡಿತವಾಗಿ ಆ ಕಡಿತ ಕೊನೆಯವರೆಗೆ ಉಳಿಯುತ್ತದೆ. ಕೆಲಸ ಹುಡುಕುವ ಆತಂಕದಲ್ಲಿ ಐವತ್ತಮೂರಕ್ಕೇ ಅರ್ಜಿ ಹಾಕುವುದಕ್ಕಿಂತ ಹಂಗಾಮಿನ ಒಪ್ಪಂದಗಳಲ್ಲಿ ಐದು ವರ್ಷ ದಾಟಿಸುವುದು ಲಾಭಕರ.

ರೈತನ ಕಡೆಯ ಪೇಟೆ

ಎರಡನೆಯ ಪೇಟೆಯಲ್ಲಿ ವಯಸ್ಸಿನ ಅಡ್ಡಿ ಇಲ್ಲ, ಬೇರೆ ಅಡ್ಡಿಗಳಿವೆ. ದ್ರಾಕ್ಷಿ ಸೀಮೆಯಲ್ಲಿ ಎಕರೆಗೆ ಇಷ್ಟು ಎಂದು ಶುಲ್ಕ ಪಡೆದು ಇಡೀ ಹಂಗಾಮು ಸಲಹೆ ಕೊಡುವ ಖಾಸಗಿ ಸಲಹೆಗಾರರ ವೃತ್ತಿ ನೆಲೆಯೂರಿದೆ. ಮಹಾರಾಷ್ಟ್ರದ ಸಾಂಗ್ಲಿ, ನಾಸಿಕ ಕಡೆಯಿಂದ ಬರುವವರೂ ಇದ್ದಾರೆ. ಸ್ಥಳೀಯನಿಗೆ ಅವರಿಗಿಲ್ಲದ ಒಂದು ಅನುಕೂಲವಿದೆ: ಯಾವ ಹಳ್ಳಿಯ ಮಣ್ಣು ಸುಣ್ಣದ್ದು, ಯಾವ ಬಾವಿಯ ನೀರು ಉಪ್ಪು, ಕಾಲುವೆಯ ನೀರು ಎಲ್ಲಿಗೆ ಯಾವಾಗ ಬಂತು ಎಂಬುದೆಲ್ಲ ಅವನಿಗೆ ಗೊತ್ತು. ಬರಗಾಲದಲ್ಲಿ ಟ್ಯಾಂಕರ್ ನೀರಿನಲ್ಲಿ ಪಡ ಉಳಿಸಿಕೊಂಡ ಟಿಕೋಟಾ ಭಾಗದಲ್ಲಿ, ಎಷ್ಟು ನೀರಿಗೆ ಎಷ್ಟು ಗೊನೆ ಬಿಡಬೇಕೆಂಬ ತೀರ್ಮಾನ ಹೊರಗಿನ ವೇಳಾಪಟ್ಟಿಯಿಂದ ಬರುವುದಿಲ್ಲ.

ಕಂಪನಿಯ ಮನುಷ್ಯನಾಗಿದ್ದವನು ಸಲಹೆಗಾರನಾದಾಗ ರೈತನಿಗೆ ಒಂದು ಅನುಮಾನ ಇದ್ದೇ ಇರುತ್ತದೆ: ಇವನು ಇನ್ನೂ ಹಳೆಯ ಕಂಪನಿಯ ಮಾಲನ್ನೇ ಬರೆಯುತ್ತಾನೆಯೇ? ಅಂಗಡಿಯಿಂದ ಕಮಿಷನ್ ಪಡೆಯುವ ಸಲಹೆಗಾರ ಎರಡು ಹಂಗಾಮು ನಡೆಯುತ್ತಾನೆ, ಮೂರನೆಯದಕ್ಕೆ ಅವನ ಪಟ್ಟಿಯಲ್ಲಿನ ಅನಗತ್ಯ ಸಿಂಪರಣೆಗಳನ್ನು ರೈತ ಲೆಕ್ಕ ಹಾಕಿರುತ್ತಾನೆ. ಹಾಗಾಗಿ ಔಷಧದ ಮೂಲ ಹೆಸರನ್ನು ಬರೆದು, ಕಂಪನಿಯ ಹೆಸರನ್ನು ರೈತನಿಗೆ ಬಿಡುವುದು ಈ ವೃತ್ತಿಯಲ್ಲಿ ಮೊದಲ ಹೆಜ್ಜೆ. ಶುಲ್ಕ ವಸೂಲಿ ಇನ್ನೊಂದು ತೊಡಕು. ಎಲ್ಲವನ್ನೂ ಮಣೂಕ ಮಾರಿದ ಮೇಲೆ ಎಂದು ಬಿಟ್ಟರೆ, ದರ ಬಿದ್ದ ವರ್ಷ ಶುಲ್ಕವೂ ಬೀಳುತ್ತದೆ. ಏಪ್ರಿಲ್ ಚಾಟ್ನಿಗೆ ಒಂದು ಪಾಲು, ಅಕ್ಟೋಬರ್ ಚಾಟ್ನಿಗೆ ಒಂದು ಪಾಲು, ಕಟಾವಿಗೆ ಕೊನೆಯ ಪಾಲು ಎಂದು ಮೊದಲೇ ಚೀಟಿಯಲ್ಲಿ ಬರೆದುಕೊಂಡರೆ ಇಬ್ಬರಿಗೂ ನೆಮ್ಮದಿ. ಪರಿಚಯದ ಮೊಗ ನೋಡಿ ಬರೆದುಕೊಳ್ಳದವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಸರ್ಕಾರದ ಕಡೆಯಿಂದ ಇಲ್ಲಿ ಉಪಯೋಗವಾಗುವ ಯೋಜನೆ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳದು. 2002ರಲ್ಲಿ ಶುರುವಾದ ಈ ಯೋಜನೆಯಲ್ಲಿ 45 ದಿನಗಳ ತರಬೇತಿ ಉಚಿತ, ವಯೋಮಿತಿ 18ರಿಂದ 60. ತರುಣರಿಗೆಂದೇ ಇರುವ ಯೋಜನೆ ಎಂದುಕೊಂಡು ಐವತ್ತು ದಾಟಿದವರು ಅರ್ಜಿಯನ್ನೇ ಹಾಕದಿರುವುದುಂಟು. ತರಬೇತಿಯ ನಂತರ ಬ್ಯಾಂಕ್ ಸಾಲಕ್ಕೆ ಸಹಾಯಧನವೂ ಸಿಗುತ್ತದೆ. ಮೊದಲ ಪೇಟೆಗೆ ಸೇರಿದ್ದರೂ, ರೈತ ಉತ್ಪಾದಕ ಕಂಪನಿಗಳ ಮುಖ್ಯ ಕಾರ್ಯನಿರ್ವಾಹಕ ಹುದ್ದೆಯೂ ಇಂಥವರಿಗೆ ಹೊಂದುತ್ತದೆ. ಆದರೆ ಅಲ್ಲಿನ ಸಂಬಳ ಕಂಪನಿಯ ಹಳೆಯ ಸಂಬಳಕ್ಕಿಂತ ಬಹಳ ಕಡಿಮೆ, ಲೆಕ್ಕಪತ್ರ ಮತ್ತು ಸಭೆಗಳ ಕೆಲಸವೇ ಹೆಚ್ಚು. ಹೊಲದ ಕೆಲಸದಲ್ಲೇ ಮನಸ್ಸಿರುವವರು ಅದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಎರಡೂ ಪೇಟೆಗಳಲ್ಲಿ ಯಾವಾಗ ಕೇಳಬೇಕೆಂಬುದು ಏನು ಕೇಳಬೇಕೆಂಬಷ್ಟೇ ಮುಖ್ಯ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಜಿಲ್ಲೆಯ ರೈತರೂ ವ್ಯಾಪಾರಿಗಳೂ ನಗರಕ್ಕೆ ಬಂದಿರುತ್ತಾರೆ, ಮಾತಾಡಿಸಲು ಅದೇ ಸುಸಮಯ ಎನಿಸುತ್ತದೆ. ಆದರೆ ಆ ಹೊತ್ತಿಗೆ ಕಟಾವು ಬಾಗಿಲಲ್ಲಿರುತ್ತದೆ. ಘಟಕಗಳು ತಮ್ಮ ಜನರನ್ನು ಗೊತ್ತುಮಾಡಿಕೊಂಡಿರುತ್ತವೆ. ಮಣೂಕ ಘಟಕದ ಕೆಲಸಕ್ಕೆ ದೀಪಾವಳಿಯ ಆಸುಪಾಸು, ತೋಟದ ಸಲಹೆಗೆ ಶ್ರಾವಣ–ಭಾದ್ರಪದ, ಅಂದರೆ ಅಕ್ಟೋಬರ್ ಚಾಟ್ನಿಯ ದಿನ ನಿಗದಿಯಾಗುವ ಮುನ್ನ ಹೋಗಬೇಕು. ಕೆಲಸ ಬಿಟ್ಟ ಮೊದಲ ತಿಂಗಳಲ್ಲೇ ಅವಸರದಿಂದ ಎಲ್ಲೆಡೆ ಅರ್ಜಿ ಕೊಟ್ಟು, ಹಂಗಾಮು ತಪ್ಪಿದ್ದರಿಂದ ಬಂದ ನಿರಾಕರಣೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುವವರಿದ್ದಾರೆ.

ಇಷ್ಟಾದರೂ ಪಕ್ಷಪಾತ ಪೂರ್ತಿ ಹೋಗುವುದಿಲ್ಲ. ಜಾಹೀರಾತಿನಲ್ಲೇ “35 ವರ್ಷದೊಳಗಿನವರು” ಎಂದು ಬರೆದಿದ್ದರೆ ಎಷ್ಟು ಒಳ್ಳೆಯ ಬಯೋಡೇಟಾ ಆದರೂ ಮೊದಲ ಜರಡಿಯಲ್ಲೇ ಉಳಿದುಬಿಡುತ್ತದೆ. ಅಂಥ ಕಡೆ ಪರಿಚಯಸ್ಥ ವ್ಯಾಪಾರಿಯ ಅಥವಾ ಶೀತಲಗೃಹದವರ ಮೂಲಕ ನೇರ ಭೇಟಿಯೊಂದೇ ದಾರಿ. ಜಾಹೀರಾತಿನಲ್ಲಿ ಅಂಥ ಸಾಲನ್ನು ಬರೆಯುವ ಮಾಲೀಕರಿಗೂ ಒಂದು ವಿನಂತಿ ಇದೆ. ವಯಸ್ಸಿನ ಮಿತಿಯ ಬದಲು ಕೆಲಸದ ಬೇಡಿಕೆಯನ್ನೇ ಬರೆಯಲಿ: ದಿನಕ್ಕೆ ಇಷ್ಟು ತೋಟ, ಇಂಥ ವರದಿ, ಈ ವರ್ಷದ ಶೇಷಾಂಶ ಪಟ್ಟಿಯ ತಿಳಿವಳಿಕೆ. ಆಮೇಲೆ ಬಂದವರನ್ನು, ಇಪ್ಪತ್ತೈದಿರಲಿ ಐವತ್ತೈದಿರಲಿ, ಒಂದು ವಾರ ಬೆಳಗಿನ ಹೊತ್ತು ಪಡಕ್ಕೆ ಕರೆದೊಯ್ದು ನೋಡಲಿ.